ಅರ್ಜಿ ಹಾಕಿದ ಮೇಲೆ ಸಿಕ್ಕ ಸರ್ಟಿಫಿಕೇಶನ್

ಎಲ್ಲರಿಗೂ ನಮಸ್ಕಾರ.

ನೇಮಕಾತಿ ಕೆಲಸದಲ್ಲಿ ನಾನು ಹಲವು ವರ್ಷ ಕಳೆದಿದ್ದೇನೆ. ಇವತ್ತು ಒಂದೇ ಒಂದು ಚಿಕ್ಕ ಮೇಲ್ ಬಗ್ಗೆ ಮಾತಾಡುತ್ತೇನೆ. ಕೆಲಸಕ್ಕೆ ಅರ್ಜಿ ಹಾಕಿ ಆಗಿದೆ. ಆಮೇಲೆ ಒಂದು ಸರ್ಟಿಫಿಕೇಶನ್ ಸಿಕ್ಕಿದೆ. ಅದನ್ನು ರಿಕ್ರೂಟರ್‌ಗೆ ತಿಳಿಸುವುದು ಹೇಗೆ?

ತುಂಬಾ ಜನ ಪೋರ್ಟಲ್‌ನಲ್ಲಿ ಪ್ರೊಫೈಲ್ ತಿದ್ದಿ ಸುಮ್ಮನಾಗುತ್ತಾರೆ. ಆದರೆ ಎಷ್ಟೋ ಪೋರ್ಟಲ್‌ಗಳಲ್ಲಿ ಪ್ರೊಫೈಲ್ ಬೇರೆ, ಅರ್ಜಿ ಬೇರೆ. ಸಬ್ಮಿಟ್ ಒತ್ತಿದಾಗ ಯಾವ ರೆಸ್ಯೂಮೆ ಇತ್ತೋ, ಯಾವ ಉತ್ತರಗಳಿದ್ದವೋ, ಅವೇ ಅರ್ಜಿಯಲ್ಲಿ ಉಳಿಯುತ್ತವೆ. ನೀವು ಆಮೇಲೆ ತಿದ್ದಿದ್ದು ರಿಕ್ರೂಟರ್ ಕಣ್ಣಿಗೆ ಬೀಳದೇ ಹೋಗಬಹುದು.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಅರ್ಜಿ ಫಾರ್ಮ್‌ನಲ್ಲಿ 'ಈ ಸರ್ಟಿಫಿಕೇಶನ್ ಇದೆಯೇ?' ಎಂದು ಕೇಳಿರುತ್ತಾರೆ. ಇಂಥವನ್ನು ನಮ್ಮ ಕಡೆ ನಾಕ್‌ಔಟ್ ಪ್ರಶ್ನೆ ಅನ್ನುತ್ತೇವೆ. 'ಇಲ್ಲ' ಎಂದು ಒತ್ತಿದರೆ ಅರ್ಜಿ ತಾನಾಗಿಯೇ ಪಕ್ಕಕ್ಕೆ ಸರಿಯುವಂತೆ ಕೆಲವು ಕಂಪನಿಗಳು ಹೊಂದಿಸಿರುತ್ತವೆ. ಆಗ ಯಾರೂ ನಿಮ್ಮ ರೆಸ್ಯೂಮೆ ತೆರೆದೇ ಇರುವುದಿಲ್ಲ. ಆದ್ದರಿಂದ 'ನನಗೆ ಸರ್ಟಿಫಿಕೇಶನ್ ಬಂತು' ಅಂದರೆ ಸಾಲದು. 'ಆ ಪ್ರಶ್ನೆಗೆ ನನ್ನ ಉತ್ತರ ಈಗ ಬದಲಾಗಿದೆ' ಎಂದೂ ಹೇಳಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬರು ಮಾರ್ಚ್ 3ರಂದು ಪ್ರಾಜೆಕ್ಟ್ ಮ್ಯಾನೇಜರ್ ಹುದ್ದೆಗೆ ಅರ್ಜಿ ಹಾಕಿದರು. ಪ್ರಾಜೆಕ್ಟ್ ನಿರ್ವಹಣೆಯ ಸರ್ಟಿಫಿಕೇಶನ್ ಆದ ಪಿಎಂಪಿ ಕಡ್ಡಾಯ ಎಂದು ಪ್ರಕಟಣೆಯಲ್ಲಿತ್ತು. ಅವರಿಗೆ ಆಗ ಅದು ಇರಲಿಲ್ಲ, ಹಾಗೆಯೇ ಉತ್ತರಿಸಿದರು. ಮಾರ್ಚ್ 12ಕ್ಕೆ ಪರೀಕ್ಷೆ ಪಾಸಾಯಿತು. ಅವರು ಬರೆಯಬೇಕಾದ ಮೇಲ್ ಇಷ್ಟೇ:

"ವಿಷಯ: ಜಾಬ್ ಐಡಿ 4471, ಪ್ರಾಜೆಕ್ಟ್ ಮ್ಯಾನೇಜರ್ – ಅರ್ಜಿಯ ನಂತರ ಪಿಎಂಪಿ ದೊರೆತಿದೆ.

ನಮಸ್ಕಾರ ಮೇಡಂ, ಮಾರ್ಚ್ 3ರಂದು ಈ ಹುದ್ದೆಗೆ ಅರ್ಜಿ ಹಾಕಿದ್ದೆ. ಪಿಎಂಪಿ ಇದೆಯೇ ಎಂಬ ಪ್ರಶ್ನೆಗೆ ಆಗ 'ಇಲ್ಲ' ಎಂದು ಉತ್ತರಿಸಿದ್ದೆ. ಮಾರ್ಚ್ 12ರಂದು ನನಗೆ ಪಿಎಂಪಿ ದೊರೆತಿದೆ. ಪರಿಶೀಲಿಸಲು ಬೇಕಾದ ಲಿಂಕ್ ಕೆಳಗಿದೆ, ಹೊಸ ರೆಸ್ಯೂಮೆ ಲಗತ್ತಿಸಿದ್ದೇನೆ. ಆ ಉತ್ತರವನ್ನು ನಿಮ್ಮ ಕಡೆಯಿಂದ ತಿದ್ದಬಹುದೇ, ಅಥವಾ ನಾನು ಮತ್ತೆ ಅರ್ಜಿ ಹಾಕಬೇಕೇ?"

ಕೊನೆಯ ಪ್ರಶ್ನೆ ನನಗೆ ತುಂಬಾ ಮುಖ್ಯ. ಕೇಳದೆ ಎರಡನೇ ಅರ್ಜಿ ಹಾಕಿದರೆ ಕೆಲವು ಕಡೆ ಪೋರ್ಟಲ್ ಅದನ್ನು ತಡೆಯುತ್ತದೆ. ಕೆಲವು ಕಡೆ ಒಬ್ಬರದೇ ಎರಡು ದಾಖಲೆ ಆಗಿ, ಯಾವುದು ಸರಿ ಎಂಬ ಗೊಂದಲ ಹುಟ್ಟುತ್ತದೆ. ಹಾಗೆಯೇ ಜಾಬ್ ಐಡಿ ಬಿಡಬೇಡಿ. ನಾವು ಒಂದೇ ಹೊತ್ತಿಗೆ ಹತ್ತಾರು ಹುದ್ದೆ ನೋಡುತ್ತಿರುತ್ತೇವೆ, ಬರೀ ಹೆಸರಿನಿಂದ ಹುಡುಕುವುದು ಕಷ್ಟ. ರಿಕ್ರೂಟರ್ ಮೊದಲೇ ನಿಮಗೆ ಮೇಲ್ ಮಾಡಿದ್ದರೆ ಅದಕ್ಕೇ ರಿಪ್ಲೈ ಮಾಡಿ, ಹಳೆಯ ಮಾತೆಲ್ಲ ಒಂದೇ ಕಡೆ ಸಿಗುತ್ತದೆ.

ಈಗ ನನ್ನನ್ನು ನಿಜಕ್ಕೂ ಕಾಡುವ ವಿಷಯಕ್ಕೆ ಬರುತ್ತೇನೆ. ಪರೀಕ್ಷೆ ಪಾಸಾಗುವುದೂ ಸರ್ಟಿಫಿಕೇಶನ್ ಸಿಗುವುದೂ ಎಲ್ಲ ಕಡೆ ಒಂದೇ ಅಲ್ಲ. ಪಿಎಂಪಿಯಲ್ಲಿ ನಿಮ್ಮ ಅನುಭವದ ವಿವರವನ್ನು ಪರೀಕ್ಷೆಗೆ ಮೊದಲೇ ಕೊಟ್ಟಿರುತ್ತೀರಿ, ಹಾಗಾಗಿ ಪಾಸಾದರೆ ಅದು ನಿಮ್ಮದಾಯಿತು. ಸೈಬರ್ ಭದ್ರತೆಯ ಸಿಐಎಸ್‌ಎಸ್‌ಪಿ ಹಾಗಲ್ಲ. ಅಲ್ಲಿ ಪಾಸಾದ ಮೇಲೆ 5 ವರ್ಷದ ಕೆಲಸದ ಅನುಭವ ತೋರಿಸಬೇಕು. ತಕ್ಕ ಪದವಿ ಇದ್ದರೆ ಅದರಲ್ಲಿ 1 ವರ್ಷದ ವಿನಾಯಿತಿ ಸಿಗುತ್ತದೆ. ಆಮೇಲೆ ಆ ಅನುಭವ ನಿಜ ಎಂದು, ಸಿಐಎಸ್‌ಎಸ್‌ಪಿ ಕೊಡುವ ಐಎಸ್‌ಸಿ2 ಸಂಸ್ಥೆಯಲ್ಲಿ ಈಗಾಗಲೇ ಸದಸ್ಯರಾಗಿರುವ ಒಬ್ಬರು, ಇಲ್ಲವೇ ಆ ಸಂಸ್ಥೆಯೇ ಅನುಮೋದಿಸಬೇಕು. ಇದಕ್ಕೆ ಅರ್ಜಿ ಸಲ್ಲಿಸಲು ಪಾಸಾದ ದಿನದಿಂದ 9 ತಿಂಗಳ ಗಡುವು ಇದೆ. ಅನುಮೋದನೆ ಸಿಗುವವರೆಗೆ ಹೆಸರಿನ ಮುಂದೆ ಸಿಐಎಸ್‌ಎಸ್‌ಪಿ ಎಂದು ಹಾಕುವಂತಿಲ್ಲ.

ಪಾಸಾದ ಖುಷಿಯಲ್ಲಿ ಹಾಗೆ ಬರೆದವರನ್ನು ನಾನು ನೋಡಿದ್ದೇನೆ. ಮೋಸ ಮಾಡುವ ಉದ್ದೇಶ ಅವರಿಗೆ ಇರಲಿಲ್ಲ. ಆದರೆ ಪರಿಶೀಲಿಸಿದಾಗ ಹೆಸರು ಸಿಗದಿದ್ದರೆ ಇಡೀ ರೆಸ್ಯೂಮೆ ಮೇಲೇ ಅನುಮಾನ ಬರುತ್ತದೆ, ಅಲ್ವಾ? ಅಂಥವರು "ಮಾರ್ಚ್ 12ರಂದು ಪರೀಕ್ಷೆ ಪಾಸಾಗಿದ್ದೇನೆ, ಅನುಮೋದನೆ ಬಾಕಿ ಇದೆ" ಎಂದು ಬರೆದರೆ ಸಾಕು. ಕಡ್ಡಾಯ ಎಂದಿರುವ ಕಡೆ ಅಷ್ಟು ಸಾಕೋ ಇಲ್ಲವೋ ಎಂದು ಕಂಪನಿ ತೀರ್ಮಾನಿಸಲಿ. ಕೋರ್ಸ್ ಮುಗಿಸಿದ್ದಕ್ಕೆ ಕೊಡುವ ಪ್ರಮಾಣಪತ್ರವನ್ನೂ ಸರ್ಟಿಫಿಕೇಶನ್ ಅನ್ನಬೇಡಿ. ಅದು ಕೋರ್ಸ್ ಮುಗಿಸಿದ ದಾಖಲೆ ಅಷ್ಟೇ.

ಲಿಂಕ್ ಕಳಿಸುವ ಮೊದಲು ಲಾಗಿನ್ ಇಲ್ಲದ ಬ್ರೌಸರ್‌ನಲ್ಲಿ ಒಮ್ಮೆ ತೆರೆದು ನೋಡಿ. ಸರ್ಟಿಫಿಕೇಶನ್‌ಗೆ ಆನ್‌ಲೈನ್ ಪುರಾವೆಯಾಗಿ ಸಿಗುವ ಡಿಜಿಟಲ್ ಬ್ಯಾಡ್ಜ್ ಪ್ರೈವೇಟ್ ಆಗಿದ್ದರೆ ನಿಮಗೆ ಕಾಣುತ್ತದೆ, ನಮಗೆ ಕಾಣುವುದಿಲ್ಲ. ಅರ್ಜಿಯಲ್ಲಿರುವ ಹೆಸರೂ ಬ್ಯಾಡ್ಜ್‌ನಲ್ಲಿರುವ ಹೆಸರೂ ಬೇರೆ ಇದ್ದರೆ ಒಂದು ಸಾಲಿನಲ್ಲಿ ತಿಳಿಸಿಬಿಡಿ.

ಮೇಲ್‌ಗೆ ಉತ್ತರ ಬಾರದೆಯೂ ಸಂದರ್ಶನಕ್ಕೆ ಕರೆ ಬರಬಹುದು. ಆಗ ಹೊಸ ರೆಸ್ಯೂಮೆಯ ಪ್ರತಿ ಜೊತೆಗಿಟ್ಟುಕೊಳ್ಳಿ. ಸಂದರ್ಶನ ಮಾಡುವವರ ಕೈಯಲ್ಲಿ ಮಾರ್ಚ್ 3ರದ್ದೇ ಇರುವ ಸಾಧ್ಯತೆ ಜಾಸ್ತಿ.