ನೀರಿನ ಲೆಕ್ಕ ಹಾಕಿ ಸ್ಲಡ್ಜ್ ಪಂಪ್ ತಂದರೆ ಏನಾಗುತ್ತೆ?

[ಪರದೆ: ಎರಡು ಪಾರದರ್ಶಕ ಪೈಪ್. ಒಂದರಲ್ಲಿ ನೀರು, ಇನ್ನೊಂದರಲ್ಲಿ ಕಪ್ಪು ಸ್ಲಡ್ಜ್]

ಸ್ಲಡ್ಜ್ ಅಂದರೆ ಕೊಳಚೆ ನೀರು ಶುದ್ಧ ಮಾಡೋ ಪ್ಲಾಂಟಿನಲ್ಲಿ, ಅಂದರೆ ಎಸ್‌ಟಿಪಿಯಲ್ಲಿ, ಉಳಿಯೋ ಕೆಸರು. ಹಿಂದಿನ ವಿಡಿಯೋ ಕೆಳಗೆ ಒಬ್ಬರು ಕೇಳಿದ್ದರು: "ಎಸ್‌ಟಿಪಿಯಲ್ಲಿ ಸ್ಲಡ್ಜ್ ಲೈನ್‌ನ ಫ್ರಿಕ್ಷನ್ ಜಾಸ್ತಿ ಅಂತ ಪಂಪಿನ ಸ್ಪೀಡ್ ಅರ್ಧ ಮಾಡಿದೆವು. ಪ್ರೆಷರ್ ಮಾತ್ರ ಇಳಿಯಲೇ ಇಲ್ಲ. ಗೇಜ್ ಕೆಟ್ಟಿದೆಯಾ?"

ಗೇಜ್ ಸರಿಯಾಗೇ ಇದೆ. ಅಲ್ಲಿ ಹಾಕಿದ್ದು ನೀರಿನ ಲೆಕ್ಕ, ತಪ್ಪು ಆಗಿದ್ದು ಅಲ್ಲೇ.

ನೀರಿಗೆ ಹಟ ಇಲ್ಲ. ಎಷ್ಟು ಸಣ್ಣದಾಗಿ ತಳ್ಳಿದರೂ ಅಷ್ಟು ಹರಿಯುತ್ತೆ. ಪೈಪಿನಲ್ಲಿ ವೇಗ ಅರ್ಧ ಮಾಡಿದರೆ ಫ್ರಿಕ್ಷನ್ ಹೆಚ್ಚುಕಡಿಮೆ ನಾಲ್ಕನೇ ಒಂದು ಭಾಗಕ್ಕೆ ಬರುತ್ತೆ. ಇದು ನಿಮಗೆ ಗೊತ್ತಿರೋದೇ, ಮುಂದೆ ಹೋಗೋಣ.

ಸ್ಲಡ್ಜನ್ನ ತಳಕ್ಕೆ ಕೂರಿಸಿ ದಪ್ಪ ಮಾಡೋ ಟ್ಯಾಂಕ್ ಥಿಕನರ್. ಅಲ್ಲಿಂದ ಬಂದ ದಪ್ಪ ಸ್ಲಡ್ಜ್ ಹಾಗಲ್ಲ. ರಾತ್ರಿ ಪಾತ್ರೆಯಲ್ಲಿ ಉಳಿದ ರಾಗಿ ಅಂಬಲಿಯನ್ನ ಬೆಳಿಗ್ಗೆ ಸ್ವಲ್ಪ ವಾಲಿಸಿ ನೋಡಿ. ಅಲುಗಾಡಲ್ಲ. ಇನ್ನೂ ವಾಲಿಸಿದರೆ ಒಂದು ಹಂತದಲ್ಲಿ ಇಡೀ ಗಡ್ಡೆ ಸರ್ ಅಂತ ಜಾರುತ್ತೆ. ಜಾರೋಕೆ ಮುಂಚೆ ಬೇಕಾದ ಆ ಕನಿಷ್ಠ ಬಲಕ್ಕೆ ಯೀಲ್ಡ್ ಸ್ಟ್ರೆಸ್ ಅಂತಾರೆ. ನೀರಿಗೆ ಅದು ಸೊನ್ನೆ. ಸ್ಲಡ್ಜಿಗೆ ಸೊನ್ನೆ ಅಲ್ಲ, ಇಡೀ ಕಥೆ ಇಷ್ಟೇ.

[ಪರದೆ: 150 ಮಿ.ಮೀ. ಪೈಪ್, 100 ಮೀಟರ್ ಉದ್ದ]

ಒಂದು ಲೆಕ್ಕ ಹಾಕೋಣ. ಪೈಪಿನ ಒಳವ್ಯಾಸ 150 ಮಿ.ಮೀ., ಉದ್ದ 100 ಮೀಟರ್, ಮಟ್ಟಸವಾಗಿದೆ. ನಮ್ಮ ಸ್ಲಡ್ಜಿನ ಯೀಲ್ಡ್ ಸ್ಟ್ರೆಸ್ 10 ಪ್ಯಾಸ್ಕಲ್, ಹರಿಯೋಕೆ ಶುರುವಾದ ಮೇಲಿನ ಸ್ನಿಗ್ಧತೆ ನೀರಿನ 50 ಪಟ್ಟು ಅಂತ ಇಟ್ಟುಕೊಳ್ಳಿ. ನಿಮ್ಮ ಪ್ಲಾಂಟಿನ ಅಂಕಿ ಬೇರೆ ಇರುತ್ತೆ. ಘನಾಂಶ ಒಂದೇ ಶೇಕಡಾ ಇದ್ದರೂ ಪ್ರೈಮರಿ ಸ್ಲಡ್ಜ್ ಒಂದು ಥರ, ಆಕ್ಟಿವೇಟೆಡ್ ಸ್ಲಡ್ಜ್ ಇನ್ನೊಂದು ಥರ. ಹಾಗಾಗಿ ಸ್ಯಾಂಪಲ್ ತೆಗೆದು ಅಳೆಸಿ, ಪುಸ್ತಕದ ಟೇಬಲ್ ನಂಬಬೇಡಿ.

ಮೊದಲು, ಸುಮ್ಮನೆ ನಿಂತಿರೋದನ್ನ ಅಲುಗಾಡಿಸೋಕೆ ಎಷ್ಟು ಬೇಕು? ಯೀಲ್ಡ್ ಸ್ಟ್ರೆಸ್ಸನ್ನ 4ರಿಂದ ಗುಣಿಸಿ, ಒಳವ್ಯಾಸದಿಂದ ಭಾಗಿಸಿ. ಮೀಟರಿಗೆ 267 ಪ್ಯಾಸ್ಕಲ್ ಬರುತ್ತೆ. 100 ಮೀಟರಿಗೆ ನೀರಿನ ಕಂಬದ ಲೆಕ್ಕದಲ್ಲಿ 2.7 ಮೀಟರ್ ಹೆಡ್. ಇನ್ನೂ ಒಂದು ಹನಿ ಹರಿದಿಲ್ಲ!

ಈಗ ಹರಿಸೋಣ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಸ್ಲಡ್ಜಿಗೆ ಸುಮಾರು 4.1 ಮೀಟರ್ ಹೆಡ್ ಬೇಕು, ನೀರಿಗಾದರೆ 0.7 ಸಾಕು. ವೇಗ ಅರ್ಧ ಮಾಡಿ. ನೀರಿನದು 0.2ಕ್ಕೆ ಬಿತ್ತು. ಸ್ಲಡ್ಜಿನದು? 3.6. ಕೇಳಿದವರ ಗೇಜ್ ಇಳಿಯದೇ ಇದ್ದದ್ದು ಇದಕ್ಕೇ. ಹರಿವು ಅರ್ಧ ಆಯ್ತು, ಪ್ರೆಷರ್ ಎಂಟನೇ ಒಂದು ಭಾಗ ಮಾತ್ರ ಇಳೀತು. ಅದಕ್ಕೇ ದಪ್ಪ ಸ್ಲಡ್ಜಿಗೆ "ನೀರಿನ ಫ್ರಿಕ್ಷನ್ನಿನ ಇಷ್ಟು ಪಟ್ಟು" ಅನ್ನೋ ಒಂದೇ ಗುಣಕ ಹಿಡಿದು ಕೂರೋದು ಅಪಾಯ. ಇಲ್ಲಿ ಅದು ಒಂದು ವೇಗದಲ್ಲಿ 6 ಪಟ್ಟು, ಇನ್ನೊಂದರಲ್ಲಿ ಸುಮಾರು 20 ಪಟ್ಟು.

[ಪರದೆ: ಪೈಪಿನ ಅಡ್ಡ ಸೀಳು, ನಡುವೆ ಗಟ್ಟಿ ವೃತ್ತ]

ಈ ಚಿತ್ರದ ಮುಂದೆ ನಾನು ಸ್ವಲ್ಪ ಹೊತ್ತು ನಿಲ್ತೀನಿ, ಕ್ಷಮಿಸಿ. ಪೈಪಿನೊಳಗೆ ಒಂದು ಪದರ ಪಕ್ಕದ ಪದರವನ್ನ ಎಳೆಯೋ ಬಲ ಗೋಡೆಯ ಹತ್ತಿರ ಜಾಸ್ತಿ, ನಡುಮಧ್ಯದಲ್ಲಿ ಸೊನ್ನೆ. ಅಂದರೆ ನಡುವಿನ ಭಾಗಕ್ಕೆ ಯೀಲ್ಡ್ ಸ್ಟ್ರೆಸ್ ದಾಟುವಷ್ಟು ಬಲ ಸಿಗೋದೇ ಇಲ್ಲ. ನಮ್ಮ ಉದಾಹರಣೆಯಲ್ಲಿ 150 ಮಿ.ಮೀ. ಪೈಪಿನ ನಡುವಿನ 100 ಮಿ.ಮೀ. ಸ್ಲಡ್ಜ್ ಹರಿಯುತ್ತಾನೇ ಇಲ್ಲ, ಒಂದು ಗಟ್ಟಿ ದಿಂಡಿನ ಥರ ಮುಂದಕ್ಕೆ ಸರಿಯುತ್ತೆ. ಟೂತ್‌ಪೇಸ್ಟ್ ಟ್ಯೂಬಿನಿಂದ ಬರೋ ಹಾಗೆ. ನಿಜವಾಗಿ ಹರಿಯೋದು ಗೋಡೆಗೆ ಅಂಟಿದ 25 ಮಿ.ಮೀ. ಉಂಗುರ ಮಾತ್ರ. ವೇಗ ಅರ್ಧ ಮಾಡಿದರೆ ದಿಂಡು ಸುಮಾರು 113 ಮಿ.ಮೀ. ಆಗಿ ಇನ್ನೂ ದಪ್ಪವಾಗುತ್ತೆ! ನೀವು ನಿಧಾನಿಸಿದಷ್ಟೂ ಅದು ಪೈಪನ್ನ ಆಕ್ರಮಿಸುತ್ತೆ.

ಇನ್ನೊಂದು ಕಿರಿಕಿರಿ ಇದೆ. ಅಂಬಲಿಯನ್ನ ಕಲಕಿದರೆ ತೆಳುವಾಗುತ್ತೆ, ಬಿಟ್ಟರೆ ಮತ್ತೆ ಹೆಪ್ಪುಗಟ್ಟುತ್ತೆ ಅಲ್ಲವಾ? ಸ್ಲಡ್ಜೂ ಹಾಗೇ. ಹರಿಯುವಾಗಿನ 10 ಪ್ಯಾಸ್ಕಲ್ ನೆಚ್ಚಿಕೊಂಡು ಪಂಪ್ ತಂದರೆ, ಶನಿವಾರ ನಿಲ್ಲಿಸಿದ ಲೈನ್ ಸೋಮವಾರ ಅದೇ 10ರಲ್ಲಿ ಹೊರಡಲ್ಲ. ಪಂಪನ್ನ ಆ ಸೋಮವಾರದ ಅಂಕಿಗೆ ಆರಿಸಬೇಕು.

ಪೈಪ್ ದೊಡ್ಡದು ಹಾಕಿದರೆ? 200 ಮಿ.ಮೀ. ಹಾಕಿದರೆ ನೀರಿನ ಫ್ರಿಕ್ಷನ್ ಅದೇ ಹರಿವಿಗೆ ನಾಲ್ಕನೇ ಒಂದು ಭಾಗದ ಹತ್ತಿರ ಬರುತ್ತೆ. ಸ್ಲಡ್ಜ್ ಅಲುಗಾಡಿಸೋ ಪ್ರೆಷರ್ ಇಳಿಯೋದು ಶೇ. 25 ಮಾತ್ರ.

[ಪರದೆ: ಎರಡು ಪಂಪ್ ಪಕ್ಕಪಕ್ಕ]

ಈಗ ಪಂಪ್. ನೀರು ಎತ್ತೋ ಸೆಂಟ್ರಿಫ್ಯೂಗಲ್ ಪಂಪ್ ಕೊಡೋದು ಹೆಡ್. ಹರಿವು ಎಷ್ಟು ಅನ್ನೋದನ್ನ ಪೈಪ್ ತೀರ್ಮಾನಿಸುತ್ತೆ. ನಮ್ಮ ಲೈನಿಗೆ ಸರಿಯಾಗಿ 4.1 ಮೀಟರ್ ಹೆಡ್ಡಿನ ಪಂಪ್ ಇಟ್ಟಿದ್ದೀರಿ ಅನ್ನಿ. ಒಂದು ದಿನ ಥಿಕನರ್ ಚೆನ್ನಾಗಿ ಕೆಲಸ ಮಾಡಿ ಯೀಲ್ಡ್ ಸ್ಟ್ರೆಸ್ 15 ಆಯ್ತು. ಈಗ ಅಲುಗಾಡಿಸೋಕೇ 4.1 ಮೀಟರ್ ಬೇಕು! ಹರಿವು ಕಡಿಮೆಯಾದಾಗ ಪಂಪ್ ಕೊಡೋ ಚೂರು ಹೆಚ್ಚಿನ ಹೆಡ್ಡಿನ ಮೇಲೆ ಅಷ್ಟಿಷ್ಟು ಹರೀಬಹುದು, ಇಲ್ಲದಿದ್ದರೆ ಇಂಪೆಲ್ಲರ್ ಸುಮ್ಮನೆ ಕಡೆಯುತ್ತಾ ಕೂರುತ್ತೆ. ಸ್ಲಡ್ಜ್ ಬಿಸಿಯಾಗುತ್ತೆ, ಮೋಟಾರಿನ ಕರೆಂಟ್ ಕಡಿಮೆ ತೋರಿಸುತ್ತೆ, ನೋಡಿದವರು "ಪಂಪ್ ಹಾಯಾಗಿ ಓಡ್ತಿದೆ" ಅಂದ್ಕೋತಾರೆ.

ಅದಕ್ಕೇ ಇಲ್ಲಿ ಹರಿವನ್ನೇ ಕೊಡೋ ಪಂಪ್ ಬೇಕು. ಬಳಕೆಯಲ್ಲಿ ಮೊದಲನೆಯದು ಸ್ಕ್ರೂ ಪಂಪ್. ಅದರ ಮೂಲ 1930ರ ದಶಕದ ಫ್ರಾನ್ಸ್, ರೆನೆ ಮೊಯ್ನೊ ಅನ್ನೋರದ್ದು. ರಬ್ಬರ್ ಸ್ಟೇಟರಿನೊಳಗೆ ಉಕ್ಕಿನ ತಿರುಚಿದ ರೋಟರ್ ತಿರುಗುತ್ತಾ, ನಡುವಿನ ಖಾಲಿ ಜಾಗಗಳನ್ನ ಒಂದೊಂದಾಗಿ ಮುಂದಕ್ಕೆ ತಳ್ಳುತ್ತೆ. ಯೀಲ್ಡ್ ಸ್ಟ್ರೆಸ್ 15 ಆದರೆ ಪ್ರೆಷರ್ ಸ್ವಲ್ಪ ಏರುತ್ತೆ, ಹರಿವು ಅಲ್ಲೇ ಇರುತ್ತೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಎಸ್‌ಟಿಪಿಗಳಲ್ಲಿ ಸ್ಲಡ್ಜಿನ ನೀರು ಹಿಂಡೋ ಫಿಲ್ಟರ್ ಪ್ರೆಸ್ ಮುಂದೆ ಇದು ಕಾಣಿಸೋದೂ ಇದಕ್ಕೇ. ಪ್ಲೇಟುಗಳ ನಡುವೆ ಕೇಕ್ ಕಟ್ಟಿಕೊಂಡ ಹಾಗೆ ಪ್ರೆಷರ್ ಹಲವು ಬಾರ್ ಏರುತ್ತೆ, ಪಂಪ್ ಆಗಲೂ ತಳ್ಳುತ್ತಲೇ ಇರಬೇಕು.

ತಳ್ಳುತ್ತಲೇ ಇರೋದೇ ಇದರ ಗುಣ, ಅದೇ ದೋಷ. ಡೆಲಿವರಿ ವಾಲ್ವ್ ಮುಚ್ಚಿ ಓಡಿಸಿದರೆ ಪೈಪೋ ಸ್ಟೇಟರೋ ಹೋಗುತ್ತೆ. ಪ್ರೆಷರ್ ಸ್ವಿಚ್ ಕಡ್ಡಾಯ. ಒಣಗಿ ಓಡಿದರೆ ಸ್ಟೇಟರ್ ಕೆಲವೇ ನಿಮಿಷದಲ್ಲಿ ಸುಡುತ್ತೆ. ರಬ್ಬರ್ ಸುಟ್ಟ ವಾಸನೆ ಬರೋ ಹೊತ್ತಿಗೆ ತಡವಾಗಿರುತ್ತೆ, ಹಾಗಾಗಿ ಸ್ಟೇಟರಿಗೆ ತಾಪ ಸೆನ್ಸರ್ ಹಾಕಿಸಿ. ಮರಳು ಜಾಸ್ತಿ ಇದ್ದರೆ ವೇಗ ಕಡಿಮೆ ಇಡಿ. ಅಂದರೆ ದೊಡ್ಡ ಪಂಪ್, ನಿಧಾನ ತಿರುಗು. ಹರಿವು ಅದೇ ಇರೋಕೆ ತಿಂಗಳಿಂದ ತಿಂಗಳಿಗೆ ಆರ್‌ಪಿಎಂ ಏರಿಸಬೇಕಾಗ್ತಿದೆ ಅಂದರೆ ಸ್ಟೇಟರ್ ಸವೆದಿದೆ.

ಟೈಮ್ ಮುಗೀತಾ ಬಂತು, ಉಳಿದದ್ದು ಬೇಗ ಹೇಳ್ತೀನಿ. ಜಾಗ ಕಡಿಮೆ, ಬಿಚ್ಚಿ ಕ್ಲೀನ್ ಮಾಡೋದು ಸುಲಭ ಆಗಬೇಕು ಅಂದರೆ ಲೋಬ್ ಪಂಪ್ ನೋಡಿ. ಒತ್ತಿ ನೀರು ತೆಗೆದ ಗಟ್ಟಿ ಕೇಕನ್ನ ದೂರ ಸಾಗಿಸೋದಿದ್ದರೆ ಹೈಡ್ರಾಲಿಕ್ ಪಿಸ್ಟನ್ ಪಂಪ್. ತೆಳು ರಿಟರ್ನ್ ಸ್ಲಡ್ಜಿಗೆ ಸೆಂಟ್ರಿಫ್ಯೂಗಲ್ ಸಾಕು, ದುಬಾರಿ ಸ್ಕ್ರೂ ದಂಡ. ಯಾವುದೇ ಆಗಲಿ, ಪಂಪ್ ಟ್ಯಾಂಕಿನ ಮಟ್ಟಕ್ಕಿಂತ ಕೆಳಗಿರಲಿ, ಸಕ್ಷನ್ ಪೈಪ್ ಗಿಡ್ಡ, ಅಗಲ ಇರಲಿ, ಏಕೆಂದರೆ ದಪ್ಪ ಸ್ಲಡ್ಜ್ ಎಳೆದರೆ ಬರಲ್ಲ. ಥಿಕನರ್ ತಳದಿಂದ ಜೋರಾಗಿ ಎಳೆದರೆ ಸ್ಲಡ್ಜ್ ಸುತ್ತಲೂ ಗೋಡೆಯಾಗಿ ನಿಂತು, ನಡುವೆ ತೂತು ಬಿದ್ದು ಮೇಲಿನ ನೀರು ಬರುತ್ತೆ. ಡೆಲಿವರಿಯಲ್ಲಿ ಬಣ್ಣ ತಿಳಿಯಾದರೆ ಸ್ಪೀಡ್ ಇಳಿಸಿ.

ಕೊನೇದಾಗಿ ಒಂದೇ ಒಂದು: ನಿಲ್ಲಿಸೋ ಮೊದಲು ಲೈನನ್ನ ನೀರಿನಿಂದ ತೊಳೆಯಿರಿ. ಸ್ಲಡ್ಜ್ ತುಂಬಿದ ಪೈಪಿನ ಎರಡೂ ಕಡೆ ವಾಲ್ವ್ ಮುಚ್ಚಿ ಮನೆಗೆ ಹೋದರೆ ಅದು ಒಳಗೇ ಕೊಳೆತು ಗ್ಯಾಸ್ ಕಟ್ಟುತ್ತೆ. ಆಮೇಲೆ ಆ ವಾಲ್ವ್ ಬಿಚ್ಚುವಾಗ ಮುಖ ಎದುರಿಗೆ ಇಡಬೇಡಿ.