ಸ್ಪ್ಯಾನಿಷ್‌ನ ಪುಟ್ಟ ‘ಆ’: ಯಾವ ಡಾಕ್ಟರ್ ಬೇಕು ನಿಮಗೆ?

ನಮಸ್ಕಾರ. ಮ್ಯಾಡ್ರಿಡ್‌ನ ಲಾವಾಪಿಯೆಸ್‌ನಲ್ಲಿದ್ದೇನೆ. ಇಲ್ಲಿನ ಬೀದಿಗಳೆಲ್ಲ ಇಳಿಜಾರು, ಅದಕ್ಕೇ ಕ್ಯಾಮೆರಾ ಸ್ವಲ್ಪ ಅಲ್ಲಾಡುತ್ತಿದೆ. ಈ ಹೋಟೆಲ್ ಬಾಗಿಲಿಗೆ ಅಂಟಿಸಿರುವ ಚೀಟಿ ನೋಡಿ. ‘ಸೆ ಬುಸ್ಕಾ ಕಾಮರೇರೊ’ ಅಂತ ಬರೆದಿದೆ. ನಮ್ಮೂರಿನ ಹೋಟೆಲ್‌ಗಳಲ್ಲಿ ‘ಕೆಲಸಕ್ಕೆ ಹುಡುಗರು ಬೇಕಾಗಿದ್ದಾರೆ’ ಅಂತ ಬೋರ್ಡ್ ಹಾಕುತ್ತಾರಲ್ಲ, ಅದೇ ಇದು. ಬುಸ್ಕಾರ್ ಅಂದರೆ ಹುಡುಕುವುದು, ಕಾಮರೇರೊ ಅಂದರೆ ವೇಟರ್.

ಸ್ಪ್ಯಾನಿಷ್ ಕಲಿಯುತ್ತಿರುವವರಿಗೆ ಇಲ್ಲೊಂದು ಪ್ರಶ್ನೆ ಬರಬೇಕು. ಕರ್ಮಸ್ಥಾನದಲ್ಲಿ ಮನುಷ್ಯರಿದ್ದರೆ ಅವರ ಮುಂದೆ ‘ಆ’ ಸೇರಿಸಬೇಕು ಅಂತ ತಾನೇ ಕ್ಲಾಸಿನಲ್ಲಿ ಹೇಳಿಕೊಡುವುದು? ಮೇಜು ಕಾಣುತ್ತಿದೆ ಅನ್ನಲು ‘ಬೇಒ ಲಾ ಮೇಸಾ’ ಸಾಕು. ಮರಿಯಾ ಕಾಣುತ್ತಿದ್ದಾಳೆ ಅನ್ನಲು ‘ಬೇಒ ಆ ಮರೀಯಾ’. ವೇಟರ್ ಕೂಡ ಮನುಷ್ಯನೇ. ಹಾಗಾದರೆ ಚೀಟಿಯಲ್ಲಿ ‘ಆ’ ಯಾಕಿಲ್ಲ?

ಮೊದಲು ಈ ‘ಆ’ ಏನು ಕೆಲಸ ಮಾಡುತ್ತದೆ ಅಂತ ನೋಡೋಣ. ಸ್ಪ್ಯಾನಿಷ್‌ನಲ್ಲಿ ಪದಗಳು ಜಾಗ ಬದಲಿಸುತ್ತವೆ. ಕರ್ತೃ ಕ್ರಿಯಾಪದದ ಹಿಂದೆಯೂ ಬರಬಹುದು, ಮುಂದೆಯೂ ಬರಬಹುದು, ಪೂರ್ತಿ ಬಿಟ್ಟೂ ಹೋಗಬಹುದು. ‘ಯಾಮೋ ಅನಾ’ ಅಂದರೆ ಅನಾ ಕರೆದಳು. ‘ಯಾಮೋ ಆ ಅನಾ’ ಅಂದರೆ ಬೇರೆ ಯಾರೋ ಅನಾಳನ್ನು ಕರೆದರು. ಮೇಜು ಯಾರನ್ನೂ ಕರೆಯುವುದಿಲ್ಲ, ಹಾಗಾಗಿ ಅಲ್ಲಿ ಗೊಂದಲ ಕಡಿಮೆ. ಇಬ್ಬರು ಮನುಷ್ಯರಿದ್ದಾಗ ಮಾತ್ರ ಯಾರು ಯಾರನ್ನು ಅನ್ನುವುದು ಗೊತ್ತಾಗಬೇಕು. ನಮ್ಮಲ್ಲಿ ‘ಅನ್ನು’ ಮಾಡುವ ಕೆಲಸ ಇದೇ ಅಲ್ವಾ? ಬೇಗ ಮಾತಾಡುವಾಗ ‘ಆ ಅನಾ’ದ ಎರಡು ಸ್ವರಗಳು ಒಂದರೊಳಗೊಂದು ಸೇರಿಹೋಗುತ್ತವೆ. ಕಿವಿಗೆ ಸರಿಯಾಗಿ ಬೀಳುವುದಿಲ್ಲ. ಬರೆಯುವಾಗ ಮಾತ್ರ ಬಿಡುವಂತಿಲ್ಲ.

ಈಗ ನನ್ನದೇ ಒಂದು ಅನುಭವ. ಇಲ್ಲಿಗೆ ಬಂದ ಹೊಸದರಲ್ಲಿ ನನಗೆ ಗಂಟಲು ನೋವು ಬಂತು. ಒಂದು ಆರೋಗ್ಯ ಕೇಂದ್ರಕ್ಕೆ ಹೋದೆ. ನನ್ನ ಸ್ಪ್ಯಾನಿಷ್ ಆಗ ಅಷ್ಟಕ್ಕಷ್ಟೇ. ಇಂಗ್ಲಿಷ್ ಮಾತಾಡುವ ಯಾರಾದರೂ ಡಾಕ್ಟರ್ ಸಿಕ್ಕರೆ ಸಾಕಿತ್ತು. ಮನುಷ್ಯರ ಮುಂದೆ ‘ಆ’ ಬರಬೇಕು ಅನ್ನುವ ನಿಯಮ ತಲೆಯಲ್ಲಿ ಗಟ್ಟಿಯಾಗಿತ್ತು. ‘ಬುಸ್ಕೊ ಆ ಉನ್ ಮೇದಿಕೊ ಕೆ ಆಬ್ಲಾ ಇಂಗ್ಲೇಸ್’ ಅಂದೆ. ಕೌಂಟರಿನಲ್ಲಿದ್ದ ಹೆಂಗಸು ತಕ್ಷಣ ಕಂಪ್ಯೂಟರಿನತ್ತ ತಿರುಗಿ ‘ಕೋಮೊ ಸೆ ಯಾಮಾ?’ ಅಂದರು. ಅವರ ಹೆಸರೇನು ಅಂತ. ನನ್ನ ಹೆಸರು ಕೇಳುತ್ತಿದ್ದಾರೆ ಅಂದುಕೊಂಡು ಹೇಳಿದೆ. ಆ ಹೆಸರಿನ ಡಾಕ್ಟರ್ ಇಲ್ಲಿ ಇಲ್ಲವಲ್ಲ ಅಂದರು.

ಆಕೆಯ ತಪ್ಪೇನೂ ಇರಲಿಲ್ಲ. ನಾನು ಹೇಳಿದ ವಾಕ್ಯಕ್ಕೆ ಅದೇ ಅರ್ಥ. ಇಲ್ಲೊಬ್ಬ ಡಾಕ್ಟರ್ ಇದ್ದಾರೆ, ಅವರಿಗೆ ಇಂಗ್ಲಿಷ್ ಬರುತ್ತದೆ, ಯಾರು ಅಂತ ನನಗೆ ಗೊತ್ತು, ಅವರನ್ನು ಹುಡುಕುತ್ತಿದ್ದೇನೆ. ನಾನು ಹೇಳಬೇಕಿದ್ದದ್ದು ‘ಬುಸ್ಕೊ ಉನ್ ಮೇದಿಕೊ ಕೆ ಆಬ್ಲೆ ಇಂಗ್ಲೇಸ್’. ಎರಡು ಕಡೆ ವ್ಯತ್ಯಾಸವಿದೆ, ಗಮನಿಸಿ. ‘ಆ’ ಹೋಯಿತು. ‘ಆಬ್ಲಾ’ ಇದ್ದದ್ದು ‘ಆಬ್ಲೆ’ ಆಯಿತು. ಸಬ್‌ಜಂಕ್ಟಿವ್ ಅನ್ನುತ್ತಾರಲ್ಲ, ಅದು. ಅಂಥವರು ಇದ್ದಾರೋ ಇಲ್ಲವೋ ಗೊತ್ತಿಲ್ಲ, ಇದ್ದರೆ ಬೇಕು ಅನ್ನುವಾಗ ಬರುವ ರೂಪ. ಯಾರಾದರೂ ಸರಿ ಅನ್ನುವಾಗ ಸಾಮಾನ್ಯವಾಗಿ ಇವೆರಡೂ ಒಟ್ಟಿಗೇ ಬದಲಾಗುತ್ತವೆ. ಹಾಗಾಗಿ ಒಂದು ಗೊತ್ತಾಗದಿದ್ದರೆ ಇನ್ನೊಂದನ್ನು ನೋಡಿ ತಿಳಿದುಕೊಳ್ಳಬಹುದು.

ಇದು ಕನ್ನಡದವರಿಗೆ ಕಷ್ಟವಾಗಬಾರದು. ‘ಮಗನಿಗೆ ಹುಡುಗಿ ನೋಡ್ತಿದ್ದಾರೆ’ ಅಂದರೆ ಯಾವ ಹುಡುಗಿ ಅಂತ ಇನ್ನೂ ಗೊತ್ತಿಲ್ಲ, ಹುಡುಕಾಟ ನಡೆದಿದೆ. ‘ಹುಡುಗಿಯನ್ನು ನೋಡ್ತಿದ್ದಾರೆ’ ಅಂದ ಕೂಡಲೇ ಒಬ್ಬಳು ಹುಡುಗಿ ಕಣ್ಣಮುಂದೆ ಬಂದು ನಿಲ್ಲುತ್ತಾಳೆ. ಅನ್ನು ಇಲ್ಲದಿದ್ದಾಗ ಅವಳಿಗೆ ಮುಖ ಇಲ್ಲ. ಚೀಟಿಯಲ್ಲಿರುವ ವೇಟರ್‌ಗೂ ಮುಖ ಇಲ್ಲ. ಯಾರು ಬಂದು ಕೆಲಸಕ್ಕೆ ಸೇರಿದರೂ ಆದೀತು. ಅದಕ್ಕೇ ಅಲ್ಲಿ ‘ಆ’ ಇಲ್ಲ. ಪುಸ್ತಕದ ನಿಯಮಕ್ಕಿಂತ ನನಗೆ ಈ ಹೋಲಿಕೆಯೇ ಜಾಸ್ತಿ ಕೆಲಸಕ್ಕೆ ಬಂದಿದೆ.

ಆದರೆ ಒಂದು ಎಚ್ಚರಿಕೆ. ಹುಡುಕುವುದು, ಬೇಕಾಗುವುದು, ಕೆಲಸಕ್ಕೆ ತೆಗೆದುಕೊಳ್ಳುವುದು, ಇಂಥ ಕ್ರಿಯಾಪದಗಳ ಜೊತೆಗೆ ಈ ವ್ಯತ್ಯಾಸ ಚೆನ್ನಾಗಿ ನಡೆಯುತ್ತದೆ. ಯಾಮಾರ್, ಅಂದರೆ ಕರೆಯುವುದು, ಅದರ ಜೊತೆಗೆ ನಡೆಯುವುದಿಲ್ಲ. ಯಾರೋ ಕುಸಿದುಬಿದ್ದರೆ ಇಲ್ಲಿನವರು ‘ಯಾಮಾ ಆ ಉನ್ ಮೇದಿಕೊ’ ಅಂತ ಕೂಗುತ್ತಾರೆ. ಯಾವ ಡಾಕ್ಟರ್ ಆದರೂ ಸರಿ, ಆದರೂ ‘ಆ’ ಇದೆ. ಅದನ್ನು ತೆಗೆದುಬಿಟ್ಟರೆ ಡಾಕ್ಟರೇ ಯಾರನ್ನೋ ಕರೆಯುತ್ತಿದ್ದಾರೆ ಅಂತ ಆಗುತ್ತದೆ. ಅನಾಳ ವಾಕ್ಯ ನೆನಪಿದೆಯಲ್ಲ, ಅದೇ ಕಾರಣ.

ಕನ್ನಡವನ್ನು ಪೂರ್ತಿ ನಂಬಿದರೂ ಕೆಡುತ್ತದೆ. ‘ಆ ಪುಸ್ತಕವನ್ನು ಓದಿದೆ’ ಅಂತ ನಾವು ವಸ್ತುಗಳಿಗೂ ಅನ್ನು ಹಚ್ಚುತ್ತೇವೆ. ಸ್ಪ್ಯಾನಿಷ್‌ನಲ್ಲಿ ‘ಲೆಯೀ ಎಲ್ ಲೀಬ್ರೊ’ ಅಷ್ಟೇ. ಯಾವ ಪುಸ್ತಕ ಅಂತ ಎಷ್ಟೇ ಖಚಿತವಾಗಿದ್ದರೂ ಅಲ್ಲಿ ‘ಆ’ ಬರುವುದಿಲ್ಲ. ಮನೆಯ ನಾಯಿಗೆ ಮಾತ್ರ ಬರುತ್ತದೆ. ಅಗೋ, ಆ ತಾತ ನಾಯಿಯನ್ನು ಅಡ್ಡಾಡಿಸುತ್ತಿದ್ದಾರೆ. ‘ಪಾಸೇಆ ಆಲ್ ಪೆರ್ರೊ’. ‘ಆ’ ಮತ್ತು ‘ಎಲ್’ ಸೇರಿ ‘ಆಲ್’ ಆಗಿದೆ.

ಇನ್ನು ತೆನೇರ್. ಇರುವುದು, ಹೊಂದಿರುವುದು ಅನ್ನುವ ಕ್ರಿಯಾಪದ. ನನಗೆ ಬಹಳ ಇಷ್ಟವಾದ ಭಾಗ ಇದು. ‘ತೆಂಗೊ ದೋಸ್ ಎರ್ಮಾನೊಸ್’, ನನಗೆ ಇಬ್ಬರು ಅಣ್ಣತಮ್ಮಂದಿರು. ಅವರು ಯಾರೆಂದು ನನಗೆ ಚೆನ್ನಾಗಿಯೇ ಗೊತ್ತು. ಆದರೂ ‘ಆ’ ಇಲ್ಲ. ಇಲ್ಲಿ ಹೇಳುತ್ತಿರುವುದು ಅವರು ಇದ್ದಾರೆ ಅನ್ನುವುದನ್ನಷ್ಟೇ. ನಾವು ಹಾಲ್‌ನಲ್ಲಿ ಕೂತು ‘ನಿಮಗೆಷ್ಟು ಮಕ್ಕಳು’ ಅಂತ ಕೇಳಿದಾಗ ಬರುವ ಉತ್ತರದ ಹಾಗೆ.

ಹೋದ ವಾರ ನನ್ನ ಎದುರು ಮನೆಯ ಅಜ್ಜಿ ಮೆಟ್ಟಿಲಲ್ಲಿ ಸಿಕ್ಕರು. ಕೈಯಲ್ಲಿ ಎರಡು ಚೀಲ ತುಂಬಾ ಸಾಮಾನು. ಏನು ವಿಶೇಷ ಅಂದೆ. ‘ತೆಂಗೊ ಆ ಮಿ ನಿಯೇತೊ ಎನ್ ಕಾಸಾ’ ಅಂದರು. ನಿಯೇತೊ ಅಂದರೆ ಮೊಮ್ಮಗ. ಮೊಮ್ಮಗ ಒಬ್ಬನಿದ್ದಾನೆ ಅಂತ ಅವರು ಹೇಳಲಿಲ್ಲ, ಅದು ನನಗೆ ಮೊದಲೇ ಗೊತ್ತಿತ್ತು. ಮೊಮ್ಮಗ ಈಗ ಮನೆಗೆ ಬಂದಿದ್ದಾನೆ, ನನ್ನ ಜೊತೆ ಇದ್ದಾನೆ ಅಂತ ಹೇಳಿದರು. ಒಂದು ‘ಆ’ ಬಂದದ್ದರಿಂದ ಲೆಕ್ಕದಲ್ಲಿದ್ದ ಮೊಮ್ಮಗ ಮನೆಯೊಳಗೆ ಬಂದು ಕೂತ. ಅಮ್ಮ ಆಸ್ಪತ್ರೆಯಲ್ಲಿದ್ದಾರೆ ಅನ್ನಲೂ ಇದೇ ಅಚ್ಚು: ‘ತೆಂಗೊ ಆ ಮಿ ಮಾದ್ರೆ ಎನ್ ಎಲ್ ಓಸ್ಪಿತಾಲ್’.

ಕೊನೆಯದಾಗಿ ನಾದಿಯೆ, ಅಂದರೆ ಯಾರೂ ಇಲ್ಲ. ಇದಕ್ಕೆ ಮುಖವೇ ಇಲ್ಲ, ಆದ್ದರಿಂದ ‘ಆ’ ಬೇಡ ಅಂತ ನಾನು ಅಂದುಕೊಂಡಿದ್ದೆ. ಅದು ತಪ್ಪು. ಯಾರೂ ಕಾಣುತ್ತಿಲ್ಲ ಅನ್ನಲು ‘ನೋ ಬೇಒ ಆ ನಾದಿಯೆ’. ನಾದಿಯೆ, ಆಲ್ಗಿಯೆನ್, ಕಿಯೆನ್, ಅಂದರೆ ಯಾರೂ, ಯಾರೋ, ಯಾರು, ಇವು ಮನುಷ್ಯರಿಗಷ್ಟೇ ಇರುವ ಪದಗಳು. ಕರ್ಮವಾಗಿ ಬಂದಾಗ ‘ಆ’ ಜೊತೆಗೇ ಬರುತ್ತದೆ. ತೆನೇರ್ ಕೂಡ ಇಲ್ಲಿ ಬಗ್ಗುತ್ತದೆ. ನನಗೆ ಯಾರೂ ಇಲ್ಲ ಅನ್ನಲು ‘ನೋ ತೆಂಗೊ ಆ ನಾದಿಯೆ’. ಇಲ್ಲಿ ಯಾರೂ ಇಲ್ಲ ಅನ್ನುವಾಗ ಮಾತ್ರ ‘ನೋ ಆಯ್ ನಾದಿಯೆ’, ಯಾಕೆಂದರೆ ‘ಆಯ್’ ಆದಮೇಲೆ ಈ ‘ಆ’ ಬರುವುದೇ ಇಲ್ಲ.

ಹೋಟೆಲ್‌ನವರು ಹೊರಗೆ ಬಂದರು. ಚೀಟಿ ತೆಗೆಯುತ್ತಿದ್ದಾರೆ, ನೋಡಿ. ವೇಟರ್ ಸಿಕ್ಕಿರಬೇಕು. ಈಗ ಅವರು ಮನೆಗೆ ಫೋನ್ ಮಾಡಿ ಇಂಥವನನ್ನು ಕೆಲಸಕ್ಕೆ ತೆಗೆದುಕೊಂಡೆ ಅಂತ ಹುಡುಗನ ಹೆಸರು ಹೇಳುವುದಾದರೆ, ಹೆಸರಿನ ಮುಂದೆ ‘ಆ’ ಬಂದೇ ಬರುತ್ತದೆ.