ಬೇಲೂರಿನ ಮೆಟ್ಟಿಲುಗಳ ಬಳಿ ಉಳಿದಿರುವ ಶಿಖರ

ಕೇಳುಗರಿಗೆ ನಮಸ್ಕಾರ.

ದೇವಾಲಯ ವಾಸ್ತುವನ್ನು ಪರಿಚಯಿಸುವ ಕಿರುವಿಡಿಯೊಗಳಲ್ಲಿ ಗರ್ಭಗೃಹವು ಸೃಷ್ಟಿಯ ಮೂಲ, ಶಿಖರವು ಮೇರು ಪರ್ವತ, ಮೆಟ್ಟಿಲುಗಳು ಲೌಕಿಕವನ್ನು ಬಿಟ್ಟು ಮೇಲೇರುವ ದಾರಿ ಎಂಬ ವಿವರಣೆ ಸಾಮಾನ್ಯವಾಗಿ ಬರುತ್ತದೆ. ವಿವರಣೆ ಸರಿಯಾದದ್ದೇ. ಆದರೆ ಈ ಮೂರಕ್ಕೂ ಇರುವ ಸಂಬಂಧವನ್ನು ತೋರಿಸಲು, ಶಿಖರವನ್ನೇ ಕಳೆದುಕೊಂಡಿರುವ ಬೇಲೂರಿನ ಚೆನ್ನಕೇಶವ ದೇವಾಲಯದಷ್ಟು ಒಳ್ಳೆಯ ನಿದರ್ಶನ ಇನ್ನೊಂದಿಲ್ಲವೆಂದು ನಾನು ಭಾವಿಸುತ್ತೇನೆ.

ಹೊಯ್ಸಳ ದೊರೆ ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಈ ದೇವಾಲಯಕ್ಕೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಪೂರ್ವದ ಮಹಾದ್ವಾರದ ಎತ್ತರದ ಗೋಪುರ. ಅದನ್ನೇ ಶಿಖರವೆಂದು ತೋರಿಸಿದರೆ ಅರ್ಥವೇ ತಪ್ಪುತ್ತದೆ. ವಿಜಯನಗರದ ಎರಡನೆಯ ಹರಿಹರನ ದಂಡನಾಯಕ ಗುಂಡನು 1397ರಲ್ಲಿ ಮತ್ತೆ ಕಟ್ಟಿಸಿದ ಆ ಗೋಪುರವು ಕ್ಷೇತ್ರದ ಎಲ್ಲೆಯನ್ನು ಸೂಚಿಸುತ್ತದೆ; ಶಿಖರವಾದರೋ ಗರ್ಭಗೃಹದ ಮೇಲೆಯೇ ಏಳಬೇಕು, ಏಕೆಂದರೆ ಮೂರ್ತಿಯಿಂದ ಕಲಶದವರೆಗೆ ನೇರವಾಗಿ ಏರುವ ಕಾಣದ ರೇಖೆಯೇ ಮೇರುವಿನ ಕಲ್ಪನೆಗೆ ಆಧಾರ. ಇಟ್ಟಿಗೆ ಗಾರೆಗಳಿಂದ ಕಟ್ಟಿ, ಮರದ ಆಸರೆ ಕೊಟ್ಟು, ಚಿನ್ನದ ಲೇಪದ ತಾಮ್ರದ ತಗಡು ಹೊದಿಸಿದ್ದ ಇಲ್ಲಿನ ಶಿಖರವನ್ನು, ಕೆಳಗಿನ ಗರ್ಭಗೃಹವನ್ನು ಉಳಿಸುವ ಸಲುವಾಗಿ, ಹತ್ತೊಂಬತ್ತನೆಯ ಶತಮಾನದಲ್ಲಿ ಕಳಚಿಹಾಕಲಾಯಿತು.

ಹಾಗಾದರೆ ಅದು ಹೇಗಿತ್ತು? ಉತ್ತರ ಮೆಟ್ಟಿಲುಗಳ ಬಳಿಯೇ ಇದೆ. ದೇವಾಲಯ ನಿಂತಿರುವ ಎತ್ತರದ ಕಟ್ಟೆಯಾದ ಜಗತಿಗೆ ಏರುವ ಮೆಟ್ಟಿಲುಗಳ ಎರಡೂ ಪಕ್ಕಗಳಲ್ಲಿ, ತಮ್ಮದೇ ತಳಪೀಠವಾದ ಅಧಿಷ್ಠಾನ, ಭಿತ್ತಿ, ಶಿಖರಗಳಿರುವ ಪುಟ್ಟ ಗುಡಿಗಳು ನಿಂತಿವೆ. ಶಿಖರದ ಪ್ರತಿ ಮುಖದ ನಡುವಣ ಪಟ್ಟಿಗಳ ಮಧ್ಯದ ಇಳಿಜಾರಿನಲ್ಲಿ ಕಿರುಶಿಖರಗಳನ್ನು ಸಾಲುಸಾಲಾಗಿ ಪೇರಿಸುವ ಭೂಮಿಜ ಶೈಲಿ ಅವುಗಳಲ್ಲಿ ಕಾಣುವುದರಿಂದ, ಕಳೆದುಹೋದ ಶಿಖರವೂ ಅದೇ ಬಗೆಯದೆಂದು ವಿದ್ವಾಂಸರು ಊಹಿಸಿದ್ದಾರೆ. ಭಕ್ತನು ಎರಡು ಕಿರಿಯ ಮೇರುಗಳ ನಡುವೆ ಹಾದು, ಹಿರಿಯ ಮೇರುವಿನ ಬುಡವನ್ನು ಸೇರಬೇಕೆಂಬುದು ಆ ಜೋಡಣೆಯಲ್ಲಿ ನನಗೆ ತೋರುವ ಭಾವ.

ಒಳಗೆ ಹೆಜ್ಜೆಯಿಟ್ಟಂತೆಲ್ಲ ಆವರಣ ಕಿರಿದಾಗುತ್ತದೆ, ಬೆಳಕು ಇಳಿಯುತ್ತದೆ. ಜಾಲಂಧ್ರಗಳಿಂದ ಬೆಳಕು ಸೋಸಿ ಬರುವ ಮಂಟಪವನ್ನೂ ಗರ್ಭಗೃಹದ ಮುಂದಿನ ಕಿರುಕೋಣೆಯಾದ ಸುಕನಾಸಿಯನ್ನೂ ದಾಟಿದರೆ ಎದುರಾಗುವ ಗರ್ಭಗೃಹಕ್ಕೆ ಕಿಟಕಿಯಿಲ್ಲ. ಹೊರಗೆ ನಕ್ಷತ್ರಾಕಾರದಲ್ಲಿ ಚಿಮ್ಮಿ ಹರಡುವ ಭಿತ್ತಿಯ ನಡುವೆ ಹುದುಗಿರುವ ಈ ಕತ್ತಲೆಯ ಕೋಣೆಯಲ್ಲಿ ಮುಂದಕ್ಕೆ ಸಾಗುವ ನಡಿಗೆ ಮುಗಿಯುತ್ತದೆ. ಅಲ್ಲಿಂದಾಚೆಗೆ ಉಳಿಯುವುದು ಮೇಲ್ಮುಖದ ದಾರಿಯೊಂದೇ, ಅದನ್ನು ಹೊರಗಿನವರಿಗೆ ಕಾಣಿಸುವುದೇ ಶಿಖರದ ಕೆಲಸ.

ಆದ್ದರಿಂದ ವಿಡಿಯೊ ಮಾಡುವವರು ಮೆಟ್ಟಿಲ ಪಕ್ಕದ ಗುಡಿಯಿಂದ ಆರಂಭಿಸಿ, ಗರ್ಭಗೃಹದ ಬಾಗಿಲವರೆಗೆ ಒಂದೇ ನೇರದಲ್ಲಿ ಸಾಗಿ, ಬಳಿಕ ಹೊರಗಿನ ಚಪ್ಪಟೆ ಮೇಲ್ಛಾವಣಿಯನ್ನು ತೋರಿಸಲಿ. ಅಲ್ಲಿ ಗಣಕಯಂತ್ರದಿಂದ ಶಿಖರವನ್ನು ಬರೆದು ಸೇರಿಸುವುದಾದರೆ, ಪುಟ್ಟ ಗುಡಿಗಳು ಅದರ ಶೈಲಿಯನ್ನು ಸೂಚಿಸುತ್ತವೆಯೇ ಹೊರತು ಎತ್ತರವನ್ನಲ್ಲ ಎಂಬ ಮಾತನ್ನೂ ಚಿತ್ರದ ಜೊತೆಗೇ ಹೇಳಬೇಕು.